ಅಣಕು ಡ್ರಿಲ್‌ನಲ್ಲಿ ಮೊದಲ ಗಾಯಾಳುವಿನ ಬಳಿಯೇ ಕೂರಬೇಡಿ

ಬಸ್ಸು ಮಗುಚಿದೆ, 20 ಮಂದಿ ಗಾಯಾಳುಗಳು. ಡ್ರಿಲ್ ಶುರುವಾಗಿ ಐದು ನಿಮಿಷವಾದರೂ ಟ್ರಯಾಜ್, ಅಂದರೆ ಯಾರಿಗೆ ಮೊದಲು ಚಿಕಿತ್ಸೆ ಎಂದು ವಿಂಗಡಿಸುವ ಕೆಲಸ, ಮಾಡಬೇಕಾದ ವಿದ್ಯಾರ್ಥಿನಿ ಮೊದಲು ಸಿಕ್ಕ ಗಾಯಾಳುವಿಗೇ ಬ್ಯಾಂಡೇಜ್ ಸುತ್ತುತ್ತ ಕೂತಿರುತ್ತಾಳೆ. ಪ್ರತಿ ತಂಡದಲ್ಲೂ ನಾನು ನೋಡುವುದು ಇದನ್ನೇ. ಹಾಗಾಗಿ ಆ ಹಂತವನ್ನು ವಿವರವಾಗಿ ಹೇಳುತ್ತೇನೆ.

ತಯಾರಿ. ನಕಲಿ ರಕ್ತಕ್ಕೆ ದುಡ್ಡು ಸುರಿಯಬೇಡಿ. ಅದು ಬಟ್ಟೆ ಹಾಳುಮಾಡುತ್ತದೆ, ಕಲಿಸುವುದು ಕಡಿಮೆ. ಪ್ರತಿ ನಟನ ಕೊರಳಿಗೆ ಒಂದು ರಟ್ಟಿನ ಕಾರ್ಡ್ ಸಾಕು. ಮುಂದೆ ಕಣ್ಣಿಗೆ ಕಾಣುವ ಗಾಯ, ಹಿಂದೆ ಉಸಿರು ಮತ್ತು ನಾಡಿಯ ವಿವರ. ವಿದ್ಯಾರ್ಥಿ ನಿಜವಾಗಿ ಎದೆ ನೋಡಿ ಉಸಿರು ಎಣಿಸಿದ ಮೇಲೆ, ಮಣಿಕಟ್ಟು ಹಿಡಿದ ಮೇಲೆ ಮಾತ್ರ ಕಾರ್ಡ್ ತಿರುಗಿಸಬೇಕು. ನಿಮಿಷಕ್ಕೆ 34 ಸಲ ಉಸಿರಾಡುವಂತೆ ನಟಿಸಲು ಯಾರಿಗೂ ಹೇಳಬೇಡಿ, ತಲೆ ಸುತ್ತಿ ನಿಜವಾಗಿಯೇ ಬಿದ್ದಾರು.

ಪಾತ್ರ ಹಂಚಿಕೆ. ಒಟ್ಟು ಹೊಣೆಗೆ ಒಬ್ಬರು, ಟ್ರಯಾಜ್‌ಗೆ ಒಬ್ಬರು, ಅವರ ಬೆನ್ನಿಗೇ ಲೆಕ್ಕ ಬರೆಯುವವರೊಬ್ಬರು. ಉಳಿದವರು ಚಿಕಿತ್ಸೆ, ಸಾಗಣೆಗೆ. ಪಾತ್ರವನ್ನು ಎದೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ. ಹೊಣೆ ಹೊತ್ತವರು ಯಾವ ಗಾಯಾಳುವನ್ನೂ ಮುಟ್ಟುವಂತಿಲ್ಲ. ಜಾಣ ವಿದ್ಯಾರ್ಥಿಗೆ ಇದು ಕಷ್ಟ, ಅದಕ್ಕೇ ನಾನು ಆ ಪಾತ್ರವನ್ನು ಜಾಣರಿಗೇ ಕೊಡುತ್ತೇನೆ.

ಟ್ರಯಾಜ್. ಮೊದಲು ಗಟ್ಟಿಯಾಗಿ ಕೂಗಿ: "ನಡೆಯಲು ಆಗುವವರೆಲ್ಲ ಆ ಮರದ ಕೆಳಗೆ ಹೋಗಿ!" ನಮ್ಮ ಡ್ರಿಲ್‌ನಲ್ಲಿ ಎಂಟು ಮಂದಿ ಎದ್ದು ಹೋದರು. ಅವರು ಹಸಿರು, ಅಂದರೆ ಕಾಯಬಲ್ಲವರು. ಉಳಿದ 12 ಮಂದಿಗೆ ತಲಾ 30ರಿಂದ 60 ಸೆಕೆಂಡು, ಅಷ್ಟೇ. ನಿಂತ ಜಾಗದಿಂದಲೇ ಶುರುಮಾಡಿ, ಹೆಚ್ಚು ಕಿರುಚುವವರ ಕಡೆಗೆ ಓಡಬೇಡಿ.

ಉಸಿರಿದೆಯೇ? ಇಲ್ಲದಿದ್ದರೆ ಉಸಿರಿನ ದಾರಿ ತೆರೆಯಿರಿ. ಉಸಿರು ಬಂದರೆ ಕೆಂಪು, ಅಂದರೆ ತಕ್ಷಣ ಚಿಕಿತ್ಸೆ ಬೇಕು; ಬಾರದಿದ್ದರೆ ಕಪ್ಪು, ಅಂದರೆ ಬದುಕುವ ಆಸೆಯಿಲ್ಲ. ಉಸಿರು ನಿಮಿಷಕ್ಕೆ 30ಕ್ಕಿಂತ ಹೆಚ್ಚಿದ್ದರೆ ಅಲ್ಲಿಗೇ ಕೆಂಪು, ಮುಂದಿನ ಪರೀಕ್ಷೆ ಬೇಡ. ಪೂರ್ತಿ ನಿಮಿಷ ಎಣಿಸಬೇಡಿ, 15 ಸೆಕೆಂಡಿಗೆ ಎಂಟು ಆದರೆ ಸಾಕು, ಕೆಂಪು ಪಟ್ಟಿ ಕಟ್ಟಿ. ಆಮೇಲೆ ಮಣಿಕಟ್ಟಿನ ನಾಡಿ, ಸಿಗದಿದ್ದರೆ ಕೆಂಪು. ಉಗುರು ಒತ್ತಿ ಬಣ್ಣ ಮರಳುವ ಹೊತ್ತು ನೋಡುವ ಕ್ರಮವೂ ಇದೆ, ಎರಡು ಸೆಕೆಂಡು ಅದರ ಗಡಿ. ಆದರೆ ಕತ್ತಲಲ್ಲಿ, ಚಳಿಯಲ್ಲಿ ಅದನ್ನು ನಂಬಲಾಗದು. ನನ್ನ ಆಯ್ಕೆ ನಾಡಿಯೇ. ಕೊನೆಗೆ, "ನನ್ನ ಕೈ ಹಿಚುಕಿ" ಎಂದಾಗ ಹಿಚುಕದಿದ್ದರೆ ಕೆಂಪು, ಹಿಚುಕಿದರೆ ಹಳದಿ, ಅಂದರೆ ಕೆಂಪಿನವರ ನಂತರದ ಸರದಿ.

ಈ ನಡುವೆ ಮಾಡಬಹುದಾದ ಚಿಕಿತ್ಸೆ ಎರಡೇ: ಉಸಿರಿನ ದಾರಿ ತೆರೆಯುವುದು, ಚಿಮ್ಮುವ ರಕ್ತ ತಡೆಯುವುದು. ಒತ್ತಿ ಹಿಡಿಯುವ ಕೆಲಸವನ್ನು ಹಸಿರಿನವರೊಬ್ಬರಿಗೆ ಒಪ್ಪಿಸಿ ಮುಂದೆ ನಡೆಯಿರಿ. ಮಕ್ಕಳಿಗೆ ಕ್ರಮ ಬೇರೆ, ಮೊದಲ ಡ್ರಿಲ್‌ನಲ್ಲಿ ಅದನ್ನು ಬೆರೆಸಬೇಡಿ.

ಆವತ್ತು ತಪ್ಪಿದ್ದು ಮೂವರಲ್ಲಿ. ತೊಡೆ ಮೂಳೆ ಮುರಿದು ಕಿರುಚುತ್ತಿದ್ದವನಿಗೆ ಕೆಂಪು ಕಟ್ಟಿದರು. ಅವನ ಉಸಿರು 24, ನಾಡಿ ಸಿಗುತ್ತದೆ, ಹೇಳಿದ ಮಾತು ಕೇಳುತ್ತಾನೆ, ಅಂದರೆ ಹಳದಿ. ಪಕ್ಕದಲ್ಲಿ ಸದ್ದಿಲ್ಲದೆ ಒರಗಿದ್ದ ಹೆಂಗಸಿಗೆ ಹಳದಿ ಸಿಕ್ಕಿತು. ಅವಳ ಉಸಿರು 34, ಅವಳೇ ಕೆಂಪು. ದಾರಿ ತೆರೆದರೂ ಉಸಿರಾಡದ ಯುವಕನ ಎದೆ ಒತ್ತುತ್ತ ಟ್ರಯಾಜ್ ಮಾಡುತ್ತಿದ್ದವಳೇ ನಾಲ್ಕು ನಿಮಿಷ ಕೂತಳು. ಆ ನಾಲ್ಕು ನಿಮಿಷದಲ್ಲಿ ಆರು ಜನರನ್ನು ನೋಡಬಹುದಿತ್ತು.

ಸಂವಹನ. ಗದ್ದಲದ ವಾಕಿಟಾಕಿಯಲ್ಲಿ "ಹಳದಿ", "ಹಸಿರು" ಒಂದೇ ತರಹ ಕೇಳಿಸುತ್ತವೆ. ಅದಕ್ಕೆ ನಾನು ಕ್ರಮ ಗಟ್ಟಿ ಮಾಡಿಸುತ್ತೇನೆ: ಯಾವಾಗಲೂ ಕೆಂಪು, ಹಳದಿ, ಹಸಿರು, ಕಪ್ಪು. ಒಂದು ಬಣ್ಣದಲ್ಲಿ ಯಾರೂ ಇಲ್ಲದಿದ್ದರೆ "ಸೊನ್ನೆ" ಎನ್ನಬೇಕು. "ಹದಿಮೂರು" ಅನ್ನದೆ "ಒಂದು, ಮೂರು" ಅನ್ನಿ. ಮೊದಲ ಸಂದೇಶದಲ್ಲಿ ಘಟನೆ ಏನು, ನಿಖರ ಜಾಗ ಎಲ್ಲಿ, ಏನು ಅಪಾಯ, ಬರುವ ದಾರಿ ಯಾವುದು, ಗಾಯಾಳುಗಳೆಷ್ಟು, ಏನು ಬೇಕು ಎಂಬುದಿರಲಿ. ಕೇಳಿದವರು ತಿರುಗಿ ಹೇಳಬೇಕು:

"ಕೆಂಪು ನಾಲ್ಕು, ಹಳದಿ ಆರು, ಹಸಿರು ಎಂಟು, ಕಪ್ಪು ಎರಡು."

"ಕೇಳಿಸಿತು. ನಾಲ್ಕು, ಆರು, ಎಂಟು, ಎರಡು. ಒಟ್ಟು ಎರಡು, ಸೊನ್ನೆ."

ಒಟ್ಟು ಹೇಳಿಸುವುದು ನನ್ನ ಹಟ. ಬರೆದ ಲೆಕ್ಕಕ್ಕೆ ಅದು ತಾಳೆಯಾಗದಿದ್ದರೆ ಒಬ್ಬ ಗಾಯಾಳು ಎಲ್ಲೋ ಬಿಟ್ಟುಹೋಗಿದ್ದಾನೆ. ಬರೆಯಲು ಮಾರ್ಕರ್ ಬಳಸಿ, ಒದ್ದೆ ಪಟ್ಟಿಯ ಮೇಲೆ ಬಾಲ್‌ಪೆನ್ ಮೂಡುವುದಿಲ್ಲ.

ಮರುಪರೀಕ್ಷೆ. ಮರದ ಕೆಳಗಿನವರನ್ನು ಎಲ್ಲರೂ ಮರೆಯುತ್ತಾರೆ. ಅಲ್ಲಿ ಒಬ್ಬ ನಟನಿಗೆ ಎರಡನೇ ಕಾರ್ಡ್ ಕೊಟ್ಟಿರಿ: ಹೊಟ್ಟೆಗೆ ಪೆಟ್ಟು, ಹತ್ತು ನಿಮಿಷದ ನಂತರ ಬೆವರು, ಮಣಿಕಟ್ಟಿನಲ್ಲಿ ನಾಡಿ ಇಲ್ಲ. ಅವನು ಸದ್ದಿಲ್ಲದೆ ಮಲಗಿಬಿಡಲಿ. ಅಲ್ಲಿ ನರ್ಸ್ ಒಬ್ಬರನ್ನು ಇರಿಸಿದ್ದ ತಂಡದಿಂದ ಮಾತ್ರ ಹೊಸ ಲೆಕ್ಕ ಬರುತ್ತದೆ: ಕೆಂಪು ಐದು, ಹಳದಿ ಆರು, ಹಸಿರು ಏಳು, ಕಪ್ಪು ಎರಡು.