ಯುಗಾದಿಗೆ ಬಾಸ್‌ಗೆ ಶುಭಾಶಯ: ಬರೆಯುವುದು ಹೇಗೆ?

ಯುಗಾದಿ ಬರುವುದು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ. ಅನೇಕ ಕಂಪನಿಗಳಲ್ಲಿ ಅಪ್ರೈಸಲ್, ಇನ್‌ಕ್ರಿಮೆಂಟ್ ಮಾತು ಓಡಾಡುವುದೂ ಆಗಲೇ. ಹಾಗಾಗಿ ಹಬ್ಬದ ನಾಲ್ಕು ಸಾಲನ್ನೂ ಬಾಸ್ ಬೇರೆ ಅರ್ಥದಲ್ಲಿ ಓದಬಹುದು.

ಮೊದಲು ಮನಸ್ಸಿಗೆ ಬಂದಂತೆ ಬರೆದುಬಿಡಿ. ಸಾಮಾನ್ಯವಾಗಿ ಅದು ಹೀಗಿರುತ್ತದೆ:

"ಪೂಜ್ಯ ಸರ್, ತಮ್ಮಂಥ ಬಾಸ್ ಸಿಕ್ಕಿದ್ದು ನಮ್ಮ ಪುಣ್ಯ. ಈ ವರ್ಷವೂ ತಮ್ಮ ಆಶೀರ್ವಾದ ನನ್ನ ಮೇಲಿರಲಿ. ತಮಗೆ ಯುಗಾದಿ ಶುಭಾಶಯಗಳು."

ಈಗ ಇದರಲ್ಲಿ 'ನನ್ನ', 'ನಮ್ಮ', 'ನನಗೆ' ಎಲ್ಲಿದೆ ಹುಡುಕಿ. ಶುಭಾಶಯ ನಿಮ್ಮಿಂದ ಅವರಿಗೆ ಹೋಗಬೇಕು. 'ಆಶೀರ್ವಾದ ನನ್ನ ಮೇಲಿರಲಿ' ಅಂದ ಕೂಡಲೇ ದಿಕ್ಕು ತಿರುಗುತ್ತದೆ, ಕೇಳುವವರು ನೀವಾಗುತ್ತೀರಿ. ಮನೆಯ ಹಿರಿಯರಿಗೆ ಹೇಳುವಾಗ ಈ ಮಾತು ಚೆಂದ. ಆದರೆ ಸಂಬಳ ನಿರ್ಧರಿಸುವವರಿಗೆ ಹೇಳಿದಾಗ ಅದು ಅರ್ಜಿಯಂತೆ ಕೇಳಿಸುತ್ತದೆ. ಆ ಸಾಲನ್ನು ಪೂರ್ತಿ ತೆಗೆಯಿರಿ. 'ನಮ್ಮ ಪುಣ್ಯ' ಕೂಡ ಹೋಗಲಿ.

ಆಮೇಲೆ 'ತಮಗೆ' ನೋಡಿ. ದಿನವೂ ಅವರನ್ನು 'ತಾವು' ಅಂತಲೇ ಮಾತಾಡಿಸುತ್ತಿದ್ದರೆ ಇರಲಿ. 'ನೀವು' ಅನ್ನುವ ರೂಢಿಯಿದ್ದು ಹಬ್ಬದ ದಿನ ಮಾತ್ರ 'ತಾವು' ಬಂದರೆ ತೋರಿಕೆ ಅನಿಸುತ್ತದೆ, ಅಲ್ವಾ? 'ಪೂಜ್ಯ'ದ ಕಥೆಯೂ ಅಷ್ಟೇ. 'ಸರ್' ಅಥವಾ 'ಮೇಡಂ' ಸಾಕು. ಗೌರವ ತೋರಿಸಲು ಮನೆಯವರನ್ನೂ ಸೇರಿಸಿ ಹಾರೈಸುವುದು ನಮ್ಮಲ್ಲಿ ಮೊದಲಿಂದ ಬಂದ ದಾರಿ.

ತಿದ್ದಿದ ಮೇಲೆ ಇಷ್ಟು ಉಳಿಯುತ್ತದೆ:

"ಸರ್, ನಿಮಗೂ ಮನೆಯವರೆಲ್ಲರಿಗೂ ಯುಗಾದಿ ಹಬ್ಬದ ಶುಭಾಶಯಗಳು. ಹೊಸ ವರ್ಷ ಎಲ್ಲರಿಗೂ ಆರೋಗ್ಯ, ನೆಮ್ಮದಿ ತರಲಿ."

ಅವರು ಮಾಡಿದ ಸಹಾಯಕ್ಕೆ ಥ್ಯಾಂಕ್ಸ್ ಹೇಳಬೇಕು ಅನಿಸಿದರೆ? ಹೇಳಲೇಬೇಕು, ಆದರೆ ಇಲ್ಲಿ ಬೇಡ. ಸಹಾಯ ಸಿಕ್ಕ ವಾರದಲ್ಲೇ ಎದುರಿಗೆ ಹೇಳಿದರೆ ಅದು ನಿಜ ಅನಿಸುತ್ತದೆ. ಅಪ್ರೈಸಲ್ ತಿಂಗಳಲ್ಲಿ ಹೇಳಿದರೆ ನಿಜವಾದದ್ದಕ್ಕೂ ಅನುಮಾನ ಅಂಟಿಕೊಳ್ಳುತ್ತದೆ.

ಹಬ್ಬದ ದಿನ ಬೆಳಿಗ್ಗೆ ಪೂಜೆ, ಎಣ್ಣೆಸ್ನಾನದ ಗಡಿಬಿಡಿ ಮುಗಿಯುವ ಹೊತ್ತಿಗೆ, ಹತ್ತರ ಸುಮಾರಿಗೆ ಕಳಿಸಿ. ಬೇವು-ಬೆಲ್ಲದ ಫಾರ್ವರ್ಡ್ ಚಿತ್ರ ಬೇಡ, ಕೈಯಾರೆ ಟೈಪ್ ಮಾಡಿದ ಎರಡು ಸಾಲಿಗೇ ತೂಕ ಜಾಸ್ತಿ. ನಿಮ್ಮ ನಂಬರ್ ಅವರ ಬಳಿ ಇಲ್ಲದಿದ್ದರೆ ಕೆಳಗೆ ಹೆಸರು ಹಾಕಿ. ರಜೆಯ ವಿಷಯವನ್ನಾಗಲಿ ಫೈಲಿನ ವಿಷಯವನ್ನಾಗಲಿ ಅದೇ ಚಾಟ್‌ನಲ್ಲಿ ಆ ದಿನ ಎತ್ತಬೇಡಿ.

ಉತ್ತರವಾಗಿ ಬರೀ ಕೈಮುಗಿದ ಚಿಹ್ನೆ ಬಂದರೆ ಅಲ್ಲಿಗೇ ಬಿಡಿ. ಮರುದಿನ ಹೋಳಿಗೆ ತಂದರೆ ಡಬ್ಬಿಯನ್ನು ಅವರ ಕ್ಯಾಬಿನ್‌ಗೆ ಒಯ್ಯದೆ, ಎಲ್ಲರೂ ಊಟಕ್ಕೆ ಕೂರುವ ಮೇಜಿನ ಮೇಲಿಟ್ಟು ಅವರನ್ನೂ ಕರೆಯಿರಿ.