ಕಿವಿ ಮಷೀನು ಹಾಕಿಸುವ ಮೊದಲು ಏನೇನು ಕೇಳಬೇಕು?

ಬೀರುವಿನಲ್ಲಿ ಸುಮ್ಮನೆ ಬಿದ್ದಿರುವ ಕಿವಿ ಮಷೀನುಗಳಲ್ಲಿ ಎಲ್ಲವೂ ಕೆಟ್ಟಿರುವುದಿಲ್ಲ. ಎಷ್ಟೋ ಸಲ ಕೊಟ್ಟವರು ಸರಿಯಾಗಿ ಹೊಂದಿಸಿರುವುದಿಲ್ಲ, ಹಾಕಿಸಿಕೊಂಡವರು ಕೇಳಿರುವುದಿಲ್ಲ.

ಫೋನ್ ಮಾಡಿದಾಗಲೇ ಎರಡು ಮಾತು ಕೇಳಿ: ಪರೀಕ್ಷೆ ಮಾಡುವವರು ಭಾರತೀಯ ಪುನರ್ವಸತಿ ಪರಿಷತ್ತಾದ ಆರ್‌ಸಿಐನಲ್ಲಿ ನೋಂದಣಿ ಇರುವ ಆಡಿಯಾಲಜಿಸ್ಟ್, ಅಂದರೆ ಶ್ರವಣ ತಜ್ಞರೇ? ಸೌಂಡ್‌ಪ್ರೂಫ್ ಕೋಣೆ ಇದೆಯೇ? ಹಾಸನದ ಬಸ್‌ಸ್ಟ್ಯಾಂಡ್ ಸದ್ದು ಕೇಳುವ ಅಂಗಡಿಯ ಮುಂಗಟ್ಟಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಬೇಡಿ. ಹಿಂದಿನ ದಿನ ಗಿರಣಿ, ಪಲ್ಪರ್, ಮರ ಕೊಯ್ಯುವ ಮಷೀನಿನ ಹತ್ತಿರ ಹೋಗಬೇಡಿ. ಜೋರು ಸದ್ದಿಗೆ ಕಿವಿ ತಾತ್ಕಾಲಿಕವಾಗಿ ಮಂದವಾಗುತ್ತದೆ.

ಕುರ್ಚಿಯಲ್ಲಿ ಕೂತ ಮೇಲೆ, "ಮೊದಲು ಕಿವಿಯೊಳಗೆ ನೋಡ್ತೀರಾ?" ಎನ್ನಿ. ಗುಗ್ಗೆ ತುಂಬಿದ್ದರೆ ತೆಗೆಸದೆ ಮುಂದುವರಿಯಬಾರದು. ಹೆಡ್‌ಫೋನ್ ಅಲ್ಲದೆ ಕಿವಿಯ ಹಿಂದಿನ ಮೂಳೆಯ ಮೇಲೆ ಕಂಪನದ ಸಾಧನ ಇಟ್ಟೂ ಪರೀಕ್ಷಿಸುತ್ತಾರೆಯೇ ಎಂದು ಕೇಳಿ. ಮೂಳೆಯಿಂದ ಚೆನ್ನಾಗಿ ಕೇಳಿಸಿ ಹೆಡ್‌ಫೋನಿನಿಂದ ಕೇಳಿಸದಿದ್ದರೆ ತೊಂದರೆ ಹೊರಗಿವಿ ಇಲ್ಲವೇ ನಡುಗಿವಿಯಲ್ಲಿದೆ, ಮಷೀನಿಗಿಂತ ಮೊದಲು ಇಎನ್‌ಟಿ ಡಾಕ್ಟರು. ಮಾತಿನ ಪರೀಕ್ಷೆ ಕನ್ನಡ ಪದಗಳಲ್ಲೇ ಆಗಲಿ.

ಜನ ಎಡವುವುದು ಮಷೀನು ಹೊಂದಿಸುವಾಗ. ಒಬ್ಬ ಹಿರಿಯರ ವರದಿ ಹೀಗಿದೆ ಎನ್ನಿ: 500 ಹರ್ಟ್ಜ್‌ನಲ್ಲಿ 25 ಡೆಸಿಬಲ್, 2000ದಲ್ಲಿ 50, 4000ದಲ್ಲಿ 70. ಹರ್ಟ್ಜ್ ಹೆಚ್ಚಿದಷ್ಟೂ ದನಿ ಸಣ್ಣದು, ಡೆಸಿಬಲ್ ಹೆಚ್ಚಿದಷ್ಟೂ ಕಿವಿ ಮಂದ. ಅಂದರೆ ದಪ್ಪ ದನಿ ಕೇಳುತ್ತದೆ, 'ಸ', 'ಶ'ದಂಥ ಸಣ್ಣ ದನಿಯ ಸದ್ದು ಕೇಳುವುದಿಲ್ಲ. "ಮಾತು ಕೇಳುತ್ತೆ, ಅರ್ಥ ಆಗಲ್ಲ" ಎನ್ನುತ್ತಾರೆ. ಇವರಿಗೆ ಬೇಕಿರುವುದು ಈ ಸಣ್ಣ ದನಿಗಳಿಗೆ ಹೆಚ್ಚು ಬಲ. ಆದರೆ ವರದಿ ಸಾಫ್ಟ್‌ವೇರಿಗೆ ಹಾಕಿ ಬಟನ್ ಒತ್ತಿದಾಗ ಬರುವ ಮೊದಲ ಸೆಟ್ಟಿಂಗು, ಹೊಸಬರಿಗೆ ಕಿರಿಕಿರಿ ಆಗದಿರಲೆಂದು, ಸಾಮಾನ್ಯವಾಗಿ ಅಲ್ಲೇ ಕಡಿಮೆ ಕೊಡುತ್ತದೆ. ಜೊತೆಗೆ ಕಿವಿಯ ಕಾಲುವೆ ಒಬ್ಬೊಬ್ಬರದು ಒಂದೊಂದು ಅಳತೆ.

ಆದ್ದರಿಂದ ದುಡ್ಡು ಕೊಡುವ ಮುನ್ನ ಕೇಳಿ: "ನನ್ನ ಕಿವಿಯೊಳಗೆ ಎಷ್ಟು ಸದ್ದು ತಲುಪುತ್ತೆ ಅಂತ ಅಳೆಯುತ್ತೀರಾ?" ಇದಕ್ಕೆ ರಿಯಲ್ ಇಯರ್ ಅಳತೆ ಎನ್ನುತ್ತಾರೆ. ಸಣ್ಣ ಮೆದು ನಳಿಕೆಯನ್ನು ಕಿವಿಯ ತಮಟೆಯ ಹತ್ತಿರದವರೆಗೆ ಇಳಿಸಿ, ಮಷೀನು ಹಾಕಿ, ಎದುರಿನ ಸ್ಪೀಕರಿನಲ್ಲಿ ಮಾತು ಕೇಳಿಸುತ್ತಾರೆ. ಪರದೆಯ ಮೇಲೆ ನಿಮಗೆ ಬೇಕಾದ ಗೆರೆ ಒಂದು, ಸಿಗುತ್ತಿರುವ ಗೆರೆ ಇನ್ನೊಂದು. ಎರಡೂ ಹತ್ತಿರ ಬರುವವರೆಗೆ ತಿದ್ದುತ್ತಾರೆ. ಆ ಪರದೆ ತೋರಿಸಲು ಹೇಳಿ. ಹೊಸಬರಿಗೆ ಸ್ವಲ್ಪ ಕಡಿಮೆಯಿಂದ ಶುರು ಮಾಡಿದರೆ ತಪ್ಪೇನಿಲ್ಲ, ಯಾವಾಗ ಏರಿಸುತ್ತಾರೆಂದು ಬರೆಸಿಕೊಳ್ಳಿ.

ಈ ಅಳತೆಯ ಯಂತ್ರ ಇಲ್ಲವೆಂದರೆ ಮಷೀನು ಹಾಕಿ ಮತ್ತು ಹಾಕದೆ ಕನ್ನಡ ಪದಗಳ ಪರೀಕ್ಷೆ ಮಾಡಿಸಿ, ವ್ಯತ್ಯಾಸ ನೋಡಿ. ಎರಡಕ್ಕೂ ಒಪ್ಪದ ಕಡೆ ಕೊಳ್ಳಬೇಡಿ; ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹಾಸನದಿಂದ ರೈಲೇ ಇದೆ. ಆನ್‌ಲೈನಿನ ಸಾವಿರ ರೂಪಾಯಿಯ ಡಬ್ಬಿ ಮಷೀನಂತೂ ಬೇಡವೇ ಬೇಡ, ಎಲ್ಲ ಸದ್ದನ್ನೂ ಒಟ್ಟಿಗೆ ದೊಡ್ಡದು ಮಾಡುತ್ತದೆ.

ಟ್ರಯಲ್ ಎಷ್ಟು ದಿನ, ವಾಪಸ್ ಕೊಟ್ಟರೆ ಎಷ್ಟು ಹಣ ಕಡಿತ, ಮುಂದಿನ ಟ್ಯೂನಿಂಗಿಗೆ ಫೀಸು ಇದೆಯೇ, ಇವು ಬಿಲ್ಲಿನಲ್ಲೇ ಇರಲಿ. ಏಳುವ ಮೊದಲು ದವಡೆ ಆಡಿಸಿ, ಅಂಗೈಯನ್ನು ಕಿವಿಯ ಹತ್ತಿರ ತನ್ನಿ. ಜೋರಾಗಿ ಕೀಂ ಎಂದರೆ ಕಿವಿಯೊಳಗೆ ಕೂರುವ ಮೋಲ್ಡು ಸಡಿಲವಿರಬಹುದು, ಅಲ್ಲೇ ಸರಿ ಮಾಡಿಸಿ.