ಪಾಲಿಸಿಯ ಒಂದು ಪುಟದ ಫೋಟೋ, ಅವ್ವನ ಹೆಸರಿಗೊಂದು ಪಟ್ಟಿ

ಕಲಬುರಗಿಯ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್‌ನಲ್ಲಿ ನಾನು ಆರು ವರ್ಷ ಕೂತಿದ್ದೆ. ಕ್ಲೇಮ್ ತಿರಸ್ಕಾರವಾದ ಪತ್ರವನ್ನು ಮನೆಯವರಿಗೆ ಓದಿ ಹೇಳುವುದು ನನ್ನ ಕೆಲಸವೇ ಆಗಿತ್ತು. ಹೆಚ್ಚಿನ ಸಲ ಕಾರಣ ಪಾಲಿಸಿಯಲ್ಲೇ ಅಚ್ಚಾಗಿರುತ್ತಿತ್ತು. ಕೊಳ್ಳುವ ಮೊದಲು ಅದನ್ನು ಯಾರೂ ಓದಿರುತ್ತಿರಲಿಲ್ಲ, ಅಷ್ಟೇ. ಕೆಲಸ ಬಿಟ್ಟ ಮೇಲೂ ಗುರುತಿನವರು ವಾಟ್ಸಾಪ್‌ನಲ್ಲಿ ಪಾಲಿಸಿ ಪುಟದ ಫೋಟೋ ಕಳಿಸುತ್ತಾರೆ. ಅದನ್ನು ಓದಿ ಒಂದು ಹಾಳೆಯ ಪಟ್ಟಿ ಮಾಡಿಕೊಡುತ್ತೇನೆ.

2025ರ ಮೇ ಕೊನೆಯಲ್ಲಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗನೊಬ್ಬ ಇಂಥದೇ ಫೋಟೋ ಕಳಿಸಿದ. ತನಗೆ, ಹೆಂಡತಿಗೆ, ಅವ್ವನಿಗೆ ಸೇರಿಸಿ ಮೊದಲ ಸಲ ಆರೋಗ್ಯ ವಿಮೆಯ ಪಾಲಿಸಿ ತಗೊಳ್ಳುತ್ತಿದ್ದ. "ಅಕ್ಕಾ, ಇದರಾಗ ಏನೇನು ಸಿಗಂಗಿಲ್ಲ ಅಷ್ಟು ಬರ್ದು ಕೊಡ್ರಿ" ಅಂದ.

ಫೋಟೋ ನೋಡಿದರೆ ಎಡಗಡೆ ಅವನ ಹೆಬ್ಬೆರಳು, ಮೇಲೆ ಟ್ಯೂಬ್‌ಲೈಟಿನ ಹೊಳಪು. ತಿಂಗಳ ಸಂಖ್ಯೆ 24 ಇದೆಯೋ 36 ಇದೆಯೋ ಕಾಣುತ್ತಿರಲಿಲ್ಲ. ಕೆಳಗಿನ ಎರಡು ಸಾಲು ಕತ್ತರಿಸಿ ಹೋಗಿತ್ತು. ಇಂಥ ಕಡೆ ನಾನು ಊಹೆ ಮಾಡುವುದಿಲ್ಲ. ಒಂದು ಅಂಕಿ ತಪ್ಪಾದರೆ ಒಂದು ವರ್ಷವೇ ತಪ್ಪುತ್ತದೆ. ಹಗಲು ಹೊತ್ತಿನಲ್ಲಿ ಕಿಟಕಿ ಹತ್ತಿರ ಹಾಳೆಯನ್ನು ನೆಲದ ಮೇಲಿಟ್ಟು, ನಾಲ್ಕೂ ಮೂಲೆ ಕಾಣುವಂತೆ ಮೇಲಿನಿಂದ ನೇರವಾಗಿ ತೆಗೆ ಅಂದೆ. ಹಿಂದಿನ ಪುಟ, ಮುಂದಿನ ಪುಟವೂ ಬೇಕು ಅಂದೆ. ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಸಣ್ಣದು ಮಾಡುತ್ತದೆ, ಅಕ್ಷರ ಮಸುಕಾಗುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಬರುತ್ತದೆ.

ಎರಡನೇ ಸಲ ಎಲ್ಲ ಓದಲು ಬಂತು. ಏನು ಸಿಗುವುದಿಲ್ಲ ಅಂತ ಹೇಳುವ ಸಾಲುಗಳಿಗೆ ಸಂಕೇತ ಇರುತ್ತದೆ. ಅದರಲ್ಲಿ ನಾನು ಮೊದಲು ಹುಡುಕುವುದು ಮೂರನ್ನು: Excl01, Excl02, Excl03. ಇವು ಯಾವ ಕಂಪನಿಯ ಪಾಲಿಸಿಯಲ್ಲಾದರೂ ಒಂದೇ. ವಿಮಾ ನಿಯಂತ್ರಕ ಐಆರ್‌ಡಿಎಐ ಹೀಗೆ ಬರೆಯಬೇಕು ಅಂತ ನಿಗದಿ ಮಾಡಿದೆ. ಮೂರೂ ವೇಟಿಂಗ್ ಪೀರಿಯಡ್‌ಗಳು, ಅಂದರೆ ಕಾದರೆ ಸಿಗುವಂಥವು. Excl04ರಿಂದ 18ರವರೆಗಿನವು ಬೇರೆ ಜಾತಿ. ಪಾಲಿಸಿಯಲ್ಲಿ ಬೇರೆಯಾಗಿ ಕೊಡುತ್ತೇವೆ ಅಂತ ಬರೆದಿಲ್ಲದಿದ್ದರೆ ಅವು ಎಷ್ಟು ವರ್ಷ ಕಾದರೂ ಸಿಗುವುದಿಲ್ಲ. ಹೊಸಬರು ಇವೆರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹಾಗಾಗಿ ನನ್ನ ಹಾಳೆಯ ನಡುವೆ ಒಂದು ಗೆರೆ ಎಳೆಯುತ್ತೇನೆ. ಮೇಲೆ "ಈ ತಾರೀಕಿನಿಂದ ಸಿಗುತ್ತದೆ", ಕೆಳಗೆ "ಸಿಗುವುದಿಲ್ಲ".

Excl03 ಸುಲಭ. ಮೊದಲ 30 ದಿನ ಯಾವ ಕಾಯಿಲೆಗೂ ದುಡ್ಡು ಬರುವುದಿಲ್ಲ. ಅಪಘಾತಕ್ಕೆ ಮಾತ್ರ ಈ ತಡೆ ಇಲ್ಲ.

ತೊಡಕು ಇರುವುದು ಉಳಿದ ಎರಡರಲ್ಲಿ. Excl02ರಲ್ಲಿ ಕಾಯಿಲೆಗಳ ಪಟ್ಟಿಯೇ ಇರುತ್ತದೆ: ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಗರ್ಭಕೋಶ ತೆಗೆಯುವುದು, ಕಿಡ್ನಿ ಮತ್ತು ಪಿತ್ತಕೋಶದ ಕಲ್ಲು, ಹೀಗೆ. ಈ ಪಾಲಿಸಿಯಲ್ಲಿ ಅದಕ್ಕೆ 24 ತಿಂಗಳು. ಪಾಲಿಸಿ ತಗೊಂಡ ಮೇಲೆ ಹೊಸದಾಗಿ ಬಂದರೂ ಕಾಯಲೇಬೇಕು. ಬೇಸಿಗೆಯಲ್ಲಿ ಕಿಡ್ನಿ ಕಲ್ಲಿನ ನೋವಿಗೆ ನಮ್ಮ ಡೆಸ್ಕಿಗೆ ಬಂದವರಲ್ಲಿ ಈ ಸಾಲಿನಿಂದ ಬರಿಗೈಲಿ ಹೋದವರನ್ನು ತುಂಬ ಜನ ನೋಡಿದ್ದೇನೆ. Excl01 ಅಂದರೆ ಮೊದಲೇ ಇದ್ದ ಕಾಯಿಲೆ. ಅದಕ್ಕೆ ಇಲ್ಲಿ 36 ತಿಂಗಳು. 2024ರ ಏಪ್ರಿಲ್‌ನಿಂದ ಇದಕ್ಕಿಂತ ಜಾಸ್ತಿ ಇಡುವಂತಿಲ್ಲ, ಕಡಿಮೆ ಇಡಬಹುದು. ಆದ್ದರಿಂದ ಎದುರಿಗಿರುವ ಪಾಲಿಸಿಯ ಸಂಖ್ಯೆಯನ್ನೇ ಬರೆದುಕೊಳ್ಳಬೇಕು.

ಇಷ್ಟಾದ ಮೇಲೆ ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೇಳುತ್ತೇನೆ. ಅವ್ವನಿಗೆ ಏನಾದರೂ ಇದೆಯಾ ಅಂದಾಗ ಹುಡುಗ "ಸಕ್ಕರೆ ಕಾಯಿಲೆ ಅದರಿ, ಮತ್ತೇನಿಲ್ಲ" ಅಂದ. ಸ್ಕ್ಯಾನಿಂಗ್ ಯಾವಾಗಾದರೂ ಮಾಡಿಸಿದ್ದೀರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹೋದ ವರ್ಷ ಹೊಟ್ಟೆನೋವಿಗೆ ಮಾಡಿಸಿದ್ವಿ, ಪಿತ್ತಕೋಶದಲ್ಲಿ ಸಣ್ಣ ಕಲ್ಲು ಅಂದಿದ್ರು, ಈಗ ಆಪರೇಷನ್ ಬೇಡ ಅಂದಿದ್ರು ಅಂದ. ಏಜೆಂಟ್ ಕೇಳಿದಾಗ ಇದನ್ನು ಹೇಳಿರಲಿಲ್ಲ. ಮುಚ್ಚಿಡಬೇಕು ಅಂತಲ್ಲ. ಔಷಧ ಇಲ್ಲದ್ದು ಕಾಯಿಲೆಯೇ ಅಲ್ಲ ಅಂದುಕೊಂಡಿದ್ದ.

ಪಿತ್ತಕೋಶದ ಕಲ್ಲು Excl02ರ ಪಟ್ಟಿಯಲ್ಲಿದೆ, ಹಾಗಾದರೆ 24 ತಿಂಗಳು ಅಲ್ವಾ? ಅಲ್ಲ. ಅದೇ Excl02ರಲ್ಲಿ ಇನ್ನೊಂದು ಸಾಲಿದೆ: ಪಟ್ಟಿಯ ಕಾಯಿಲೆ ಮೊದಲೇ ಇದ್ದ ಕಾಯಿಲೆಯೂ ಆಗಿದ್ದರೆ, ಎರಡರಲ್ಲಿ ಉದ್ದನೆಯ ಅವಧಿ ಹಿಡಿಯಬೇಕು. ಪಾಲಿಸಿಗೆ ಹಿಂದಿನ 36 ತಿಂಗಳಲ್ಲಿ ಡಾಕ್ಟರ್ ಕಂಡುಹಿಡಿದದ್ದು ಮೊದಲೇ ಇದ್ದ ಕಾಯಿಲೆ ಅನ್ನಿಸಿಕೊಳ್ಳುತ್ತದೆ. ಅವ್ವನ ಸ್ಕ್ಯಾನ್ ಒಂದೇ ವರ್ಷ ಹಳೆಯದು. ಆದ್ದರಿಂದ ಅವರಿಗೆ 36, ಸೊಸೆಗೆ ಮುಂದೆ ಅದೇ ಕಲ್ಲು ಬಂದರೆ 24. ಒಂದೇ ಕಾಯಿಲೆ, ಒಂದೇ ಪಾಲಿಸಿ, ಎರಡು ತಾರೀಕು. ಹಿಂದೊಮ್ಮೆ ಇನ್ನೊಬ್ಬರ ಹರ್ನಿಯಾಕ್ಕೆ ನಾನು ಈ ಸಾಲು ನೋಡದೆ ಎರಡು ವರ್ಷ ಅಂತ ಬರೆದುಕೊಟ್ಟಿದ್ದೆ. ಅವರು ಅದನ್ನೇ ನಂಬಿ ಆಪರೇಷನ್ ತಾರೀಕು ಗೊತ್ತು ಮಾಡಿದ್ದರು. ಅಂದಿನಿಂದ ಕಾಯಿಲೆಗೊಂದು ಸಾಲು ಬರೆಯುವುದು ಬಿಟ್ಟೆ. ಆಳಿಗೊಂದು ಸಾಲು ಬರೆಯುತ್ತೇನೆ.

ಮೊದಲ ಫೋಟೋದಲ್ಲಿ ಕತ್ತರಿಸಿ ಹೋಗಿದ್ದ ಎರಡು ಸಾಲು Excl01ರ ಕೊನೆಯವು. 36 ತಿಂಗಳು ಮುಗಿದ ಮೇಲೂ, ಅರ್ಜಿ ತುಂಬುವಾಗ ಕಾಯಿಲೆ ತಿಳಿಸಿ ಕಂಪನಿ ಒಪ್ಪಿದ್ದರೆ ಮಾತ್ರ ದುಡ್ಡು ಬರುತ್ತದೆ ಅಂತ ಅಲ್ಲಿತ್ತು. ಹುಡುಗ ಕಲ್ಲಿನ ವಿಷಯ ಬರೆಯದೆ ಮೂರು ವರ್ಷ ಕಂತು ಕಟ್ಟಿದ್ದರೂ ಕ್ಲೇಮ್ ತಿರಸ್ಕಾರವಾಗುವ ಸಾಧ್ಯತೆ ಇತ್ತು. ಸ್ಕ್ಯಾನ್ ರಿಪೋರ್ಟ್ ಅರ್ಜಿಯ ಜೊತೆ ಕೊಡು ಅಂದೆ. "ಕಂತು ಜಾಸ್ತಿ ಆದ್ರ?" ಅಂದ. ಆಗಬಹುದು, ಅದನ್ನು ಈಗಲೇ ತಿಳಿದುಕೋ ಅಂದೆ.

ಅವನಿಗೆ ಬರೆದುಕೊಟ್ಟದ್ದು ಇದು. ತಿಂಗಳುಗಳನ್ನೆಲ್ಲ ತಾರೀಕು ಮಾಡಿದ್ದೆ. 24 ತಿಂಗಳು ಅಂದರೆ ಯಾರ ತಲೆಯಲ್ಲೂ ಉಳಿಯುವುದಿಲ್ಲ.

ಶುರು: 2 ಜೂನ್ 2025
☐ ಎಲ್ಲರಿಗೂ, ಅಪಘಾತ: ಮೊದಲ ದಿನದಿಂದ
☐ ಎಲ್ಲರಿಗೂ, ಡೆಂಗಿ, ಅಪೆಂಡಿಕ್ಸ್‌ನಂಥ ಪಟ್ಟಿಯಲ್ಲಿಲ್ಲದ ಹೊಸ ಕಾಯಿಲೆ: 2 ಜುಲೈ 2025ರಿಂದ
☐ ಮಗ, ಸೊಸೆ, ಪಟ್ಟಿಯಲ್ಲಿರುವ ಕಾಯಿಲೆ: 2 ಜೂನ್ 2027ರಿಂದ
☐ ಅವ್ವ, ಕಣ್ಣಿನ ಪೊರೆ (ಈಗ ಇಲ್ಲ, ಮುಂದೆ ಬಂದರೆ): 2 ಜೂನ್ 2027ರಿಂದ
☐ ಅವ್ವ, ಸಕ್ಕರೆ ಕಾಯಿಲೆ, ಅದರಿಂದಲೇ ಆದ ತೊಂದರೆ, ಪಿತ್ತಕೋಶದ ಕಲ್ಲು: 2 ಜೂನ್ 2028ರಿಂದ, ಅರ್ಜಿಯಲ್ಲಿ ಬರೆದಿದ್ದರೆ ಮಾತ್ರ
——
☐ ಬರೀ ಪರೀಕ್ಷೆಗೆ ಅಂತ ಅಡ್ಮಿಟ್ ಆದರೆ: ಇಲ್ಲ
☐ ಹೆರಿಗೆ: ಇಲ್ಲ

ಹೆರಿಗೆಯ ಸಾಲು ನೋಡಿ ಅವನ ಹೆಂಡತಿ ಫೋನ್ ಮಾಡಿದಳು. ಏಜೆಂಟ್ ಎಲ್ಲಾ ಬರ್ತದ ಅಂದಿದ್ದನಂತೆ. ಪುಟ ಸಂಖ್ಯೆ ಹೇಳಿ, Excl18 ತೆಗೆದು ನೀವೇ ಓದಿ ನೋಡಿ ಅಂದೆ. ಪ್ರತಿ ಸಾಲಿನ ಪಕ್ಕ ಪುಟ ಸಂಖ್ಯೆ ಬರೆದಿರುತ್ತೇನೆ. ನನ್ನ ಹಾಳೆ ಹಿಡಿದು ಯಾರೂ ಕ್ಲೇಮ್ ಕೇಳಲಾಗುವುದಿಲ್ಲ, ಪಾಲಿಸಿಯ ಮಾತೇ ಕೊನೆ.

ಅವ್ವನ ರಿಪೋರ್ಟ್ ನೋಡಿ ಕಂಪನಿ ಇನ್ನಷ್ಟು ಪ್ರಶ್ನೆ ಕೇಳಿತು. ಪಾಲಿಸಿ ಬಂದಾಗ ಶುರುವಿನ ತಾರೀಕು 9 ಜೂನ್ ಆಗಿತ್ತು. ಸಂಜೆ ಹುಡುಗ ಹಾಳೆ ಹಿಡಿದು ಮನೆಗೇ ಬಂದ. ಪಾಲಿಸಿ ಕೈಗೆ ಬಂದ ದಿನದಿಂದ 30 ದಿನದೊಳಗೆ ಬೇಡವೆನಿಸಿದರೆ ಹಿಂತಿರುಗಿಸಬಹುದು. ಹಾಗಾಗಿ ಮೊದಲು ಅವ್ವನ ಹೆಸರಿನ ಮುಂದೆ ಸಕ್ಕರೆ ಕಾಯಿಲೆಯೂ ಕಲ್ಲೂ ಎರಡೂ ಬರೆದಿದ್ದಾರಾ ಅಂತ ನೋಡಿದೆವು. ಬರೆದಿದ್ದರು. ಆಮೇಲೆ ಅವನೇ ಕೆಂಪು ಪೆನ್ನು ತೆಗೆದು, ಪಟ್ಟಿಯಲ್ಲಿ ತಾರೀಕು 2 ಎಂಬಲ್ಲೆಲ್ಲ ಹೊಡೆದು 9 ಅಂತ ತಿದ್ದಿದ.